ವರ್ಷಾಂತ್ಯದ ರಿಬೇಟ್ ಪತ್ರ ಓದುವುದು ಹೇಗೆ? ಸ್ಲ್ಯಾಬ್, ಸಿಡಿ ಮತ್ತು ಮಾರ್ಚ್ ಲೋಡಿನ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ಪಿವಿಸಿ ಪೈಪು, ಫಿಟಿಂಗ್ಸ್ ಮಾರುವ ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡುವವನು ನಾನು. ಮುಧೋಳ, ಜಮಖಂಡಿ, ಬೀಳಗಿ, ತೇರದಾಳ, ಮಹಾಲಿಂಗಪುರದ ಡೀಲರುಗಳಿಗೆ ಪ್ರತಿ ವರ್ಷ ಫೆಬ್ರವರಿ ಕೊನೆಗೆ ನಮ್ಮಿಂದ ಒಂದು ಪತ್ರ ಹೋಗುತ್ತದೆ. ರಿಬೇಟ್ ಎಷ್ಟು, ಸಿಡಿ ಎಷ್ಟು, ನೀವು ಯಾವ ಸ್ಲ್ಯಾಬಿನಲ್ಲಿದ್ದೀರಿ ಎಂದು ಅದರಲ್ಲಿರುತ್ತದೆ. ಪತ್ರ ತಲುಪಿದ ಮರುದಿನದಿಂದಲೇ ಫೋನು ಶುರು. "ಸರ, ನಂದು 20 ಲಕ್ಷ ದಾಟೈತಲ್ರೀ, ಒಂದ ಪರ್ಸೆಂಟ್ ಯಾಕ ಹಾಕೀರಿ?" ಅಂತ ಒಬ್ಬರು. "ಇನ್ನೊಂದು ಲೋಡ್ ತಗೊಂಡ್ರ ಮ್ಯಾಲಿನ ಸ್ಲ್ಯಾಬ್ ಸಿಗತೈತಿ, ತಗೊಳ್ಳೇನ್ರೀ?" ಅಂತ ಇನ್ನೊಬ್ಬರು.

ಎರಡಕ್ಕೂ ಉತ್ತರ ಪತ್ರದಲ್ಲೇ ಇರುತ್ತದೆ. ಆದರೆ ಎಲ್ಲರ ಕಣ್ಣೂ ಮೊದಲು ಪರ್ಸೆಂಟಿನ ಮೇಲೆ ಹೋಗುತ್ತದೆ, ಕೆಳಗಿನ ಸಣ್ಣ ಸಾಲುಗಳ ಮೇಲೆ ಹೋಗುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಒಂದು ಪತ್ರ ಇಟ್ಟುಕೊಂಡು, ಒಬ್ಬ ಡೀಲರಿನ ಲೆಕ್ಕವನ್ನು ಕೊನೆಯವರೆಗೂ ಮಾಡಿ ತೋರಿಸುತ್ತೇನೆ. ನಿಮ್ಮ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

ಕೂರುವ ಮೊದಲು ಇಷ್ಟು ಕೈಯಲ್ಲಿರಲಿ: ಹೋಲ್‌ಸೇಲರ್ ಕಳಿಸಿದ ಪತ್ರ, ಅವರ ಪುಸ್ತಕದಲ್ಲಿರುವ ನಿಮ್ಮ ಲೆಡ್ಜರಿನ ಪ್ರತಿ, ಈ ವರ್ಷ ವಾಪಸ್ ಕಳಿಸಿದ ಮಾಲಿನ ಕ್ರೆಡಿಟ್ ನೋಟುಗಳು, ನಿಮ್ಮ ಬ್ಯಾಂಕಿನ ಓಡಿ ಬಡ್ಡಿ ದರ. ಓಡಿ ಅಂದರೆ ಓವರ್‌ಡ್ರಾಫ್ಟ್. ಬ್ಯಾಂಕು ಒಂದು ಮಿತಿ ಕೊಟ್ಟಿರುತ್ತದೆ, ನೀವು ಬಳಸಿದಷ್ಟು ಹಣಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಓಡಿ ಇಲ್ಲದವರು ಕೈಗಡ ತಂದರೆ ಎಷ್ಟು ಬಡ್ಡಿ ಬೀಳುತ್ತದೋ ಅದನ್ನು ಬರೆದುಕೊಳ್ಳಿ.

ಇನ್ನು ಮಾದರಿ ಪತ್ರ ನೋಡೋಣ.

"1. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ನಿವ್ವಳ ಖರೀದಿಗೆ ರಿಬೇಟ್: 10 ಲಕ್ಷದೊಳಗೆ ಇಲ್ಲ. 10 ಲಕ್ಷದಿಂದ 20 ಲಕ್ಷದೊಳಗೆ 1%. 20 ಲಕ್ಷದಿಂದ 35 ಲಕ್ಷದೊಳಗೆ 1.5%. 35 ಲಕ್ಷ ಮತ್ತು ಮೇಲೆ 2%. ತಲುಪಿದ ಸ್ಲ್ಯಾಬಿನ ದರ ಒಟ್ಟು ನಿವ್ವಳ ಖರೀದಿಗೆ ಅನ್ವಯ.
2. ಸಿಡಿ: ಬಿಲ್ಲಿನ ದಿನಾಂಕದಿಂದ 7 ದಿನದೊಳಗೆ ಪಾವತಿಗೆ 3%, 15 ದಿನದೊಳಗೆ 2%, 30 ದಿನದೊಳಗೆ 1%. 30 ದಿನದ ಮೇಲೆ ಸಿಡಿ ಇಲ್ಲ. ಉದ್ರಿ ಅವಧಿ 45 ದಿನ.
3. ಜಿಎಸ್‌ಟಿ, ವಾಪಸ್ ಬಂದ ಮಾಲು ಮತ್ತು ನೆಟ್ ರೇಟ್ ಬಿಲ್ಲುಗಳು ಲೆಕ್ಕಕ್ಕಿಲ್ಲ.
4. ಬಂದ ಹಣ ಹಳೆಯ ಬಿಲ್ಲಿಗೆ ಮೊದಲು ಜಮಾ. ಮಾರ್ಚ್ 31ಕ್ಕೆ 60 ದಿನ ಮೀರಿದ ಬಾಕಿ ಇದ್ದರೆ ರಿಬೇಟ್ ತಡೆಹಿಡಿಯಲಾಗುವುದು."

ರಿಬೇಟ್ ಅಂದರೆ ವರ್ಷವಿಡೀ ಎಷ್ಟು ಮಾಲು ಎತ್ತಿದಿರಿ ಅನ್ನುವುದಕ್ಕೆ ವರ್ಷದ ಕೊನೆಗೆ ಸಿಗುವ ಹಣ. ಸಿಡಿ ಅಂದರೆ ಕ್ಯಾಶ್ ಡಿಸ್ಕೌಂಟ್, ಒಂದೊಂದು ಬಿಲ್ಲನ್ನು ಎಷ್ಟು ಬೇಗ ಚುಕ್ತಾ ಮಾಡಿದಿರಿ ಅನ್ನುವುದಕ್ಕೆ ಸಿಗುವ ಕಡಿತ. ಹೆಸರಿನಲ್ಲಿ ಕ್ಯಾಶ್ ಇದೆ ಅಂತ ಕೆಲವರು ನೋಟಿನ ಕಟ್ಟು ಹಿಡಿದು ಬರುತ್ತಾರೆ. ಹಾಗೆ ಮಾಡಬೇಡಿ. ಬ್ಯಾಂಕಿನಿಂದ ಕಳಿಸಿದರೂ ಅದೇ ಸಿಡಿ ಸಿಗುತ್ತದೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದು ಖರ್ಚು ಅಂತಲೇ ನಿಲ್ಲುವುದಿಲ್ಲ. 3% ಉಳಿಸಲು ಹೋಗಿ ಪೂರ್ತಿ ಬಿಲ್ಲಿನ ಮೇಲೆ ತೆರಿಗೆ ಬೀಳುತ್ತದೆ.

ಹಂತ 1: ನಿಮ್ಮ ನಿವ್ವಳ ಖರೀದಿ ಎಷ್ಟು ಅಂತ ತೆಗೆಯಿರಿ

ಮುಧೋಳದ ಕಡೆಯ ಒಬ್ಬ ಡೀಲರ್ ಅಂತ ಇಟ್ಟುಕೊಳ್ಳಿ. ಫೆಬ್ರವರಿ ಕೊನೆಗೆ ಅವರ ಬಿಲ್ಲುಗಳ ಮೊತ್ತ 22,42,000 ರೂಪಾಯಿ. ಅವರ ಮನಸ್ಸಿನಲ್ಲಿ 20 ಲಕ್ಷ ಯಾವಾಗಲೋ ದಾಟಿದೆ. ಆದರೆ ಪತ್ರದ ಮೂರನೇ ಸಾಲು ಜಿಎಸ್‌ಟಿ ಲೆಕ್ಕಕ್ಕಿಲ್ಲ ಎನ್ನುತ್ತದೆ. ಪಿವಿಸಿ ಪೈಪಿಗೆ ಜಿಎಸ್‌ಟಿ 18%. ಹಾಗಾಗಿ 22,42,000ವನ್ನು 1.18ರಿಂದ ಭಾಗಿಸಬೇಕು. 19,00,000 ಬರುತ್ತದೆ. ಇಲ್ಲಿ ಒಂದು ತಪ್ಪು ಪದೇಪದೇ ನೋಡಿದ್ದೇನೆ. ಮೊತ್ತದಲ್ಲಿ ನೇರವಾಗಿ 18% ಕಳೆದುಬಿಡುತ್ತಾರೆ. ಹಾಗೆ ಕಳೆದರೆ 18,38,440 ಬರುತ್ತದೆ, ಸುಮ್ನೆ 61,560 ರೂಪಾಯಿಯ ಖರೀದಿ ಕೈಬಿಟ್ಟ ಹಾಗೆ.

ಆ ಡೀಲರ್ ವರ್ಷದಲ್ಲಿ ಜಿಎಸ್‌ಟಿ ಬಿಟ್ಟು 60,000 ರೂಪಾಯಿಯ ಮಾಲು ವಾಪಸ್ ಕಳಿಸಿದ್ದಾರೆ. 40,000 ರೂಪಾಯಿಯ ಒಂದು ಬಿಲ್ಲು ನೆಟ್ ರೇಟಿನದು. ನೆಟ್ ರೇಟ್ ಅಂದರೆ ಯಾವುದೋ ದೊಡ್ಡ ಕೆಲಸಕ್ಕೆಂದು ಮೊದಲೇ ದರ ಇಳಿಸಿ ಕೊಟ್ಟ ಬಿಲ್ಲು. ಅದಕ್ಕೆ ಮತ್ತೆ ರಿಬೇಟ್ ಇಲ್ಲ. ಎರಡನ್ನೂ ಕಳೆದರೆ ನಿವ್ವಳ ಖರೀದಿ 18,00,000. ಅಂದರೆ ಅವರು ಇನ್ನೂ 1% ಸ್ಲ್ಯಾಬಿನಲ್ಲೇ ಇದ್ದಾರೆ. ಈಗಿನ ಲೆಕ್ಕಕ್ಕೆ ರಿಬೇಟ್ 18,000 ರೂಪಾಯಿ. ಮುಂದಿನ ಸ್ಲ್ಯಾಬಿಗೆ ಇನ್ನೂ 2 ಲಕ್ಷ ಬೇಕು.

ನಿಮ್ಮ ಅಂಕಿಗೂ ಹೋಲ್‌ಸೇಲರಿನ ಅಂಕಿಗೂ ವ್ಯತ್ಯಾಸ ಬಂದರೆ ಮೊದಲು ವಾಪಸ್ ಮಾಲಿನ ನೋಟುಗಳನ್ನೇ ನೋಡಿ. ನನ್ನ ಅನುಭವದಲ್ಲಿ ಹೆಚ್ಚಿನ ವ್ಯತ್ಯಾಸ ಸಿಗುವುದು ಅಲ್ಲೇ.

ಹಂತ 2: ದರ ಪೂರ್ತಿ ಖರೀದಿಗೋ, ಮೇಲಿನ ಮೊತ್ತಕ್ಕೋ?

ಇದು ಒಂದೇ ಪದದ ಮೇಲೆ ನಿಂತಿರುತ್ತದೆ. ನಮ್ಮ ಮಾದರಿ ಪತ್ರದಲ್ಲಿ "ಒಟ್ಟು ನಿವ್ವಳ ಖರೀದಿಗೆ ಅನ್ವಯ" ಎಂದಿದೆ. ಹಾಗಿದ್ದರೆ 20 ಲಕ್ಷ ಮುಟ್ಟಿದ ಕೂಡಲೇ ಮೊದಲ ರೂಪಾಯಿಯಿಂದಲೂ 1.5%, ಅಂದರೆ 30,000 ರೂಪಾಯಿ.

ಅದೇ ಪತ್ರದಲ್ಲಿ "ಆಯಾ ಸ್ಲ್ಯಾಬಿನ ಮೊತ್ತಕ್ಕೆ ಮಾತ್ರ" ಎಂದು ಬರೆದಿದ್ದರೆ ಕಥೆಯೇ ಬೇರೆ. ಆಗ ಮೊದಲ 10 ಲಕ್ಷಕ್ಕೆ ಏನೂ ಇಲ್ಲ, ಮುಂದಿನ 10 ಲಕ್ಷಕ್ಕೆ 1%. 20 ಲಕ್ಷ ಮುಟ್ಟಿದರೂ ರಿಬೇಟ್ 10,000 ಮಾತ್ರ. 18 ಲಕ್ಷದಲ್ಲಿ ನಿಂತರೆ 8,000. ಸ್ಲ್ಯಾಬ್ ಪಟ್ಟಿ ಅದೇ, ಪರ್ಸೆಂಟೂ ಅದೇ, ಕೈಗೆ ಬರುವ ಹಣ ಮಾತ್ರ ಮೂರನೇ ಒಂದು ಭಾಗ. ಈ ರೀತಿಯ ಪತ್ರವಿದ್ದರೆ ಸ್ಲ್ಯಾಬ್ ದಾಟಲೆಂದು ಮಾರ್ಚಿನಲ್ಲಿ ಒದ್ದಾಡುವ ಅಗತ್ಯವೇ ಇಲ್ಲ. ಗೆರೆ ದಾಟಿದಾಗ ಅಲ್ಲಿ ಜಿಗಿತ ಇರುವುದಿಲ್ಲ.

ಪತ್ರದಲ್ಲಿ ಎರಡೂ ಬರೆದಿಲ್ಲವೇ? ಆಗ ಊಹೆ ಮಾಡಬೇಡಿ. ಕೇಳಿ, ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ಲೋಡ್ ಇಳಿದ ಮೇಲೆ ಈ ಪ್ರಶ್ನೆ ಕೇಳಿದರೆ ಇಬ್ಬರಿಗೂ ಕಷ್ಟ.

ಹಂತ 3: ಮಾರ್ಚ್ ಲೋಡ್ ತೆಗೆದುಕೊಳ್ಳಬೇಕೋ ಬೇಡವೋ

ಈಗ ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಡೀಲರ್ 2 ಲಕ್ಷದ ಮಾಲು ಎತ್ತಿದರೆ ರಿಬೇಟ್ 18,000ದಿಂದ 30,000ಕ್ಕೆ ಏರುತ್ತದೆ. 12,000 ಜಾಸ್ತಿ. ಆ 12,000ವನ್ನು 2 ಲಕ್ಷದ ಎದುರು ಇಟ್ಟು ನೋಡಿ, 6% ಆಯಿತು. ಇದು ನೆನಪಿಡಬೇಕಾದ ಅಂಕಿ.

ಓಡಿ ಬಡ್ಡಿ ವರ್ಷಕ್ಕೆ 12% ಅಂದರೆ ತಿಂಗಳಿಗೆ 1%. ಹಾಗಾಗಿ ಈ 6% ಅನ್ನುವುದು ಆರು ತಿಂಗಳ ಬಡ್ಡಿಗೆ ಸಮ. 15 ಲಕ್ಷದಲ್ಲಿ ನಿಂತ ಡೀಲರಿಗೆ ಲೆಕ್ಕ ಬೇರೆ. ಅವರು 5 ಲಕ್ಷದ ಮಾಲು ಎತ್ತಬೇಕು, ಸಿಗುವುದು 15,000 ಜಾಸ್ತಿ, ಅಂದರೆ 3%. ಬಡ್ಡಿ ಕಟ್ಟಿ ಮೂರು ತಿಂಗಳು ಇಟ್ಟುಕೊಂಡರೆ ಅದು ಮುಗಿಯಿತು. ಗೆರೆಯಿಂದ ದೂರ ಇದ್ದಷ್ಟೂ ಜಿಗಿತದ ಲಾಭ ತೆಳ್ಳಗಾಗುತ್ತದೆ.

ನಮ್ಮ 18 ಲಕ್ಷದ ಡೀಲರಿಗೆ ಮರಳೋಣ. ಅವರಿಗೆ ಎರಡು ದಾರಿ. ಮಾರ್ಚ್, ಏಪ್ರಿಲ್, ಮೇ ನಮ್ಮ ಕಡೆ ಪೈಪಿನ ಸೀಸನ್. ಕಬ್ಬಿನ ಬಿಲ್ಲು ಕೈಗೆ ಬಂದ ರೈತರು ಬೋರು, ಹೊಲದ ಲೈನು ಮಾಡಿಸುವುದು ಆಗಲೇ. ಮೇ ಒಳಗೆ ಖಾಲಿಯಾಗುವ ಸೈಜುಗಳನ್ನೇ ತಂದರೆ ಆ 12,000 ಬಹುಪಾಲು ಕೈಯಲ್ಲೇ ಉಳಿಯುತ್ತದೆ.

ಆದರೆ ಸ್ಲ್ಯಾಬ್ ತುಂಬಿಸಬೇಕೆಂದು ಸಿಕ್ಕ ಸೈಜು ತಂದರೆ? ಮಳೆ ಹಿಡಿದ ಮೇಲೆ ಪೈಪಿನ ಮಾರಾಟ ಇಳಿಯುತ್ತದೆ. ಉಳಿದ ಮಾಲು ಮತ್ತೆ ಕದಲುವುದು ದಸರಾ, ದೀಪಾವಳಿ ಹೊತ್ತಿಗೆ. ಮೊದಲ 45 ದಿನ ಉದ್ರಿ, ಬಡ್ಡಿ ಇಲ್ಲ ಅಂತ ಹಿಡಿದರೂ, ಆಮೇಲಿನ ಐದೂವರೆ ತಿಂಗಳಿಗೆ ತಿಂಗಳಿಗೆ 2,000ದ ಹಾಗೆ 11,000 ಬಡ್ಡಿ. 12,000ದಲ್ಲಿ ಉಳಿದದ್ದು 1,000. ಈ ನಡುವೆ ಪಿವಿಸಿ ರೆಸಿನ್ ದರ ಇಳಿದು ಪೈಪಿನ ದರ 5% ಬಿದ್ದರೆ ಇನ್ನೂ 10,000 ಹೋಯಿತು. ರೆಸಿನ್ ಅಂದರೆ ಪೈಪಿನ ಕಚ್ಚಾ ಮಾಲು, ಅದರ ದರ ನಮ್ಮ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಜೊತೆಗೆ ಜಾಗ ಸಾಲದೆ ಪೈಪನ್ನು ಅಂಗಡಿ ಹಿಂದೆ ಬಯಲಲ್ಲಿ ಒಟ್ಟಿದರೆ, ನಮ್ಮ ಏಪ್ರಿಲ್ ಬಿಸಿಲಿಗೆ ಬಣ್ಣಗೆಡುತ್ತದೆ, ಬಾಗುತ್ತದೆ. ಅದನ್ನು ಗಿರಾಕಿ ಪೂರ್ತಿ ದರಕ್ಕೆ ಒಯ್ಯುವುದಿಲ್ಲ.

ಇನ್ನೊಂದು ಮಾತು. ಏಪ್ರಿಲ್ 1ಕ್ಕೆ ರಿಬೇಟಿನ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಮಾರ್ಚಿನಲ್ಲಿ ಮುಂಗಡವಾಗಿ ಎತ್ತಿದ 2 ಲಕ್ಷ ಮುಂದಿನ ವರ್ಷದ ಖರೀದಿಯಲ್ಲಿ ಕಡಿಮೆ ಬೀಳುತ್ತದೆ. ಮುಂದಿನ ವರ್ಷ ನೀವು ಇನ್ನೊಂದು ಗೆರೆಯ ಅಂಚಿನಲ್ಲಿ ನಿಲ್ಲುವವರಾದರೆ ಇದನ್ನೂ ಯೋಚಿಸಿ.

ತೆಗೆದುಕೊಳ್ಳುವುದೇ ಅಂತಾದರೆ ಮಾರ್ಚ್ 25ರೊಳಗೆ ಆರ್ಡರ್ ಕೊಡಿ. ಎಣಿಕೆಗೆ ಬರುವುದು ಬಿಲ್ಲಿನ ದಿನಾಂಕ, ಆರ್ಡರಿನ ದಿನಾಂಕವಲ್ಲ. ಕೊನೆಯ ವಾರ ಎಲ್ಲರೂ ಒಟ್ಟಿಗೆ ಕೇಳುತ್ತಾರೆ, ಗಾಡಿ ಸಿಗುವುದಿಲ್ಲ, ಬೇಕಾದ ಸೈಜು ಗೋಡೌನಿನಲ್ಲಿ ಇರುವುದಿಲ್ಲ. ಏಪ್ರಿಲ್ 2ಕ್ಕೆ ಬಿಲ್ಲಾದ ಮಾಲನ್ನು ಹಿಂದಿನ ವರ್ಷಕ್ಕೆ ಸೇರಿಸಲು ನಮಗೆ ದಾರಿಯಿಲ್ಲ. ಗೆರೆಗಿಂತ ಹತ್ತಿಪ್ಪತ್ತು ಸಾವಿರ ಜಾಸ್ತಿಯೇ ಇರಲಿ. ಒಂದೆರಡು ಬಂಡಲ್ ಒಡೆದು ವಾಪಸ್ ಬಂದರೂ ನೀವು ಕೆಳಗೆ ಬೀಳಬಾರದು.

ಹಂತ 4: ಈಗ ಸಿಡಿ ಲೆಕ್ಕ ಮಾಡಿ

ರಿಬೇಟಿನ ಬಗ್ಗೆ ನನಗೆ ನೂರು ಫೋನು ಬಂದರೆ ಸಿಡಿ ಬಗ್ಗೆ ಹತ್ತೂ ಬರುವುದಿಲ್ಲ. ಆದರೆ ದೊಡ್ಡ ಹಣ ಇರುವುದು ಇಲ್ಲಿ. ಅದಕ್ಕೇ ಈ ಹಂತವನ್ನು ನಿಧಾನವಾಗಿ ಓದಿ.

ಒಂದು ಲಕ್ಷದ ಬಿಲ್ಲು ತೆಗೆದುಕೊಳ್ಳಿ. ಜಿಎಸ್‌ಟಿ ಸೇರಿ 1,18,000. ಏಳು ದಿನದಲ್ಲಿ ಕಟ್ಟಿದರೆ 3% ಸಿಡಿ, 3,000 ರೂಪಾಯಿ. ನೀವು ಕಟ್ಟುವುದು 1,15,000. ಕಟ್ಟದೆ 45ನೇ ದಿನದವರೆಗೆ ತಳ್ಳಿದರೆ 1,18,000. ಅಂದರೆ 38 ದಿನ ಮೊದಲು ಹಣ ಕೊಟ್ಟದ್ದಕ್ಕೆ 3,000. ಆ 1,15,000ವನ್ನು 12% ಓಡಿಯಿಂದ ತೆಗೆದು 38 ದಿನ ಇಟ್ಟರೆ ಬಡ್ಡಿ ಸುಮಾರು 1,440 ರೂಪಾಯಿ. ಸಾಲ ಮಾಡಿ ಕಟ್ಟಿದರೂ ಒಂದು ಲಕ್ಷದ ಬಿಲ್ಲಿಗೆ 1,560 ಉಳಿಯಿತು. ವರ್ಷದ ಬಡ್ಡಿಯ ಲೆಕ್ಕಕ್ಕೆ ತಂದರೆ ಈ ಸಿಡಿ 25%ಗೆ ಸಮ. ನಿಮಗೆ ಸಿಗುವ ಸಾಲ ಅದಕ್ಕಿಂತ ಅಗ್ಗವಾಗಿದ್ದರೆ ಸಿಡಿ ಬಿಡಬಾರದು. ಕೈಗಡದ ಬಡ್ಡಿ ತಿಂಗಳಿಗೆ 2 ರೂಪಾಯಿ, ಅಂದರೆ ವರ್ಷಕ್ಕೆ 24% ಆದರೆ ಲಾಭ ಹೆಚ್ಚುಕಡಿಮೆ ಇಲ್ಲ. 3 ರೂಪಾಯಿ ಆದರೆ ನಷ್ಟ. ಅಂಥವರು ಉದ್ರಿಯ 45 ದಿನ ಪೂರ್ತಿ ಬಳಸಿಕೊಳ್ಳುವುದೇ ಸರಿ.

ನಮ್ಮ ಡೀಲರ್ ವರ್ಷದ 18 ಲಕ್ಷದಲ್ಲಿ 6 ಲಕ್ಷದ ಬಿಲ್ಲುಗಳನ್ನು 7 ದಿನದಲ್ಲಿ ಕಟ್ಟಿದ್ದಾರೆ, 18,000 ಸಿಡಿ ಪಡೆದಿದ್ದಾರೆ. ಉಳಿದ 12 ಲಕ್ಷ 45 ದಿನಕ್ಕೆ ಹೋಗಿದೆ. ಅದನ್ನೂ 7 ದಿನದಲ್ಲಿ ಕಟ್ಟಿದ್ದರೆ ಇನ್ನೂ 36,000 ಸಿಗುತ್ತಿತ್ತು. ಅದಕ್ಕೆ ಎಷ್ಟು ಹಣ ಬೇಕಿತ್ತು? 12 ಲಕ್ಷ ಒಟ್ಟಿಗೆ ಬೇಕಿಲ್ಲ. 38 ದಿನದ ಖರೀದಿಗೆ ಆಗುವಷ್ಟು ಹಣ ಸುತ್ತುತ್ತಾ ಇದ್ದರೆ ಸಾಕು. ಜಿಎಸ್‌ಟಿ ಸೇರಿಸಿ 14,16,000 ಆಗುತ್ತದೆ, ಅದನ್ನು 365ರಿಂದ ಭಾಗಿಸಿ 38ರಿಂದ ಗುಣಿಸಿ. ಸುಮಾರು ಒಂದೂವರೆ ಲಕ್ಷ. ಅದರ ಮೇಲೆ ವರ್ಷದ ಓಡಿ ಬಡ್ಡಿ 18,000. ಬಡ್ಡಿ ಕಳೆದು 18,000 ಶುದ್ಧ ಉಳಿತಾಯ. ಅವರ ಇಡೀ ವರ್ಷದ ರಿಬೇಟೂ ಅಷ್ಟೇ ಅಲ್ವಾ?

ಹಾಗಾಗಿ ಮಾರ್ಚಿನಲ್ಲಿ ಕೈಯಲ್ಲಿ ಒಂದೂವರೆ ಎರಡು ಲಕ್ಷ ಇದೆ, ಲೋಡಿಗೆ ಹಾಕಲೋ ಸಿಡಿಗೆ ಹಾಕಲೋ ಅಂತ ಕೇಳಿದರೆ, ಮೇ ಒಳಗೆ ಮಾರುವ ಮಾಲಲ್ಲದಿದ್ದರೆ ಸಿಡಿಗೆ ಹಾಕಿ ಅನ್ನುತ್ತೇನೆ. ಲೋಡಿನ 12,000 ಒಂದು ಸಲ ಬರುತ್ತದೆ. ಸಿಡಿಯ ಹಣ ತಿಂಗಳು ತಿಂಗಳು ಸುತ್ತಿ ಬರುತ್ತದೆ. ಲೋಡಿಗೆ ಹಣ ಸಿಕ್ಕಿಹಾಕಿಕೊಂಡು ಏಪ್ರಿಲ್, ಮೇ ಬಿಲ್ಲುಗಳ ಸಿಡಿ ತಪ್ಪಿದರೆ ಅದೂ ಲೋಡಿನ ಖರ್ಚೇ. 2 ಲಕ್ಷದ ಬಿಲ್ಲಿಗೆ ಸಿಡಿ ತಪ್ಪಿದರೆ 6,000.

ನಿಮ್ಮ ಕಷ್ಟ ನನಗೆ ಗೊತ್ತು. ರೈತರು ನಿಮ್ಮಲ್ಲಿ ಉದ್ರಿ ಒಯ್ಯುತ್ತಾರೆ, ಕಾರ್ಖಾನೆಯಿಂದ ಕಬ್ಬಿನ ಹಣ ಬಂದಾಗ ಕೊಡುತ್ತಾರೆ. ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೆ ನಿಮ್ಮ ಗಲ್ಲಾಪೆಟ್ಟಿಗೆಗೆ ಅದು ಅಷ್ಟು ಬೇಗ ಬರುವುದಿಲ್ಲ. ಎಲ್ಲ ಬಿಲ್ಲಿಗೂ 3% ಸಿಗದಿದ್ದರೆ ಬೇಡ. ತಿಂಗಳಿಗೆ ಒಂದೇ ದೊಡ್ಡ ಬಿಲ್ಲಿನ ಬದಲು ಎರಡು ಸಣ್ಣ ಬಿಲ್ಲು ಮಾಡಿಸಿ, ಒಂದನ್ನಾದರೂ 7 ದಿನದಲ್ಲಿ ಚುಕ್ತಾ ಮಾಡಿ.

ಹಂತ 5: ಹಣ ಯಾವ ಬಿಲ್ಲಿಗೆ ಜಮಾ ಆಯಿತು ನೋಡಿ

ಸಿಡಿ ಜಗಳಗಳು ಹುಟ್ಟುವುದು ಇಲ್ಲೇ. ಜನವರಿಯ 1,18,000ದ ಬಿಲ್ಲು ಬಾಕಿ ಇದೆ. ಮಾರ್ಚಿನ ಹೊಸ ಬಿಲ್ಲಿಗೆಂದು ನೀವು 7 ದಿನದಲ್ಲಿ 3,000 ಮುರಿದುಕೊಂಡು 1,15,000 ಕಳಿಸುತ್ತೀರಿ. ಪತ್ರದ ನಾಲ್ಕನೇ ಸಾಲಿನ ಪ್ರಕಾರ ಅದು ಜನವರಿ ಬಿಲ್ಲಿಗೆ ಹೋಗುತ್ತದೆ. ಹೊಸ ಬಿಲ್ಲು ಹಾಗೇ ನಿಂತಿತು, ಸಿಡಿ ಬರಲಿಲ್ಲ. ನೀವು ಮುರಿದುಕೊಂಡ 3,000 ಜನವರಿ ಬಿಲ್ಲಿನ ಬಾಕಿಯಾಗಿ ಉಳಿಯಿತು. ಮಾರ್ಚ್ 31ಕ್ಕೆ ಅದಕ್ಕೆ 60 ದಿನ ಮೀರಿರುತ್ತದೆ. ಆ 3,000ಕ್ಕಾಗಿ 18,000ದ ರಿಬೇಟ್ ತಡೆಯಲ್ಲಿ ಬೀಳುತ್ತದೆ.

ಹಾಗಾಗಿ ಕಬ್ಬಿನ ಸೀಸನ್ನಿನಲ್ಲಿ ಹಣ ಬಂದಾಗ ಮೊದಲು ಹಳೆಯದನ್ನು ಪೂರ್ತಿ ತೀರಿಸಿ, ಆಮೇಲೆ ಹೊಸ ಬಿಲ್ಲುಗಳನ್ನು ಸಿಡಿಗೆ ಓಡಿಸಿ. ಕಳಿಸುವಾಗ ಬಿಲ್ ನಂಬರ್ ಬರೆದು ತಿಳಿಸಿ. ನೀವೇ ಸಿಡಿ ಮುರಿದುಕೊಂಡು ಕಳಿಸಬೇಕೋ, ಪೂರ್ತಿ ಕಟ್ಟಿ ಆಮೇಲೆ ಕ್ರೆಡಿಟ್ ನೋಟ್ ಪಡೆಯಬೇಕೋ, ಇದನ್ನೂ ಕೇಳಿಟ್ಟುಕೊಳ್ಳಿ. ದಿನ ಎಣಿಸುವುದು ಬಿಲ್ಲಿನ ದಿನಾಂಕದಿಂದ, ಮಾಲು ಇಳಿದ ದಿನದಿಂದಲ್ಲ. ಮುಗಿಯುವುದು ಹಣ ಖಾತೆಗೆ ಜಮಾ ಆದ ದಿನ, ಚೆಕ್ ಕೊಟ್ಟ ದಿನವಲ್ಲ.

ಹಂತ 6: ಕ್ರೆಡಿಟ್ ನೋಟ್ ಯಾವ ಬಗೆಯದು?

ರಿಬೇಟಾಗಲಿ ಸಿಡಿಯಾಗಲಿ, ಹೆಚ್ಚಾಗಿ ಬರುವುದು ಕ್ರೆಡಿಟ್ ನೋಟಿನಲ್ಲಿ. ಅದರಲ್ಲಿ ಎರಡು ಬಗೆ. ಜಿಎಸ್‌ಟಿ ಕ್ರೆಡಿಟ್ ನೋಟ್ ಆದರೆ 3,000ದ ಜೊತೆ 540 ಜಿಎಸ್‌ಟಿಯೂ ಸೇರಿ 3,540 ಇರುತ್ತದೆ. 540 ಜಾಸ್ತಿ ಸಿಕ್ಕಿತು ಅಂದುಕೊಳ್ಳಬೇಡಿ. ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ನೀವು ಮಾರಾಟದ ಜಿಎಸ್‌ಟಿಗೆ ಮುರಿದುಕೊಂಡಿರುತ್ತೀರಿ. ಅದಕ್ಕೆ ಇನ್‌ಪುಟ್ ಕ್ರೆಡಿಟ್ ಅನ್ನುತ್ತಾರೆ. ಅದರಲ್ಲಿ 540 ವಾಪಸ್ ಕೊಡಬೇಕು. ಈ ನೋಟ್ ನಿಮ್ಮ GSTR-2Bಯಲ್ಲಿ ಕಾಣುತ್ತದೆ.

ಎರಡನೆಯದು ಕಮರ್ಷಿಯಲ್ ಕ್ರೆಡಿಟ್ ನೋಟ್. ಅದರಲ್ಲಿ ಜಿಎಸ್‌ಟಿ ಇರುವುದಿಲ್ಲ, 3,000 ಮಾತ್ರ. ನಿಮ್ಮ ಇನ್‌ಪುಟ್ ಕ್ರೆಡಿಟ್ ಪೂರ್ತಿ ಉಳಿಯುತ್ತದೆ, ವಾಪಸ್ ಕೊಡಬೇಕಿಲ್ಲ. 2025ರ ಸೆಪ್ಟೆಂಬರ್ 12ರ ಸಿಬಿಐಸಿ ಸುತ್ತೋಲೆ 251ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಎರಡರಲ್ಲೂ ನಿಮ್ಮ ನಿಜವಾದ ಲಾಭ 3,000ವೇ. ತಪ್ಪಾಗುವುದು ಒಂದನ್ನು ಇನ್ನೊಂದು ಅಂತ ತಿಳಿದು ಪುಸ್ತಕಕ್ಕೆ ಬರೆದಾಗ. ನೋಟ್ ಬಂದ ದಿನವೇ ಜಿಎಸ್‌ಟಿ ಸಾಲು ಇದೆಯೇ ಎಂದು ನೋಡಿ, ನಿಮ್ಮ ಅಕೌಂಟೆಂಟರಿಗೆ ಹೇಳಿ.

ರಿಬೇಟಿನ ಬದಲು ಚಿನ್ನದ ನಾಣ್ಯ, ಟಿವಿ, ಪ್ರವಾಸ ಅಂತ ಸ್ಕೀಮ್ ಇದ್ದರೆ ಒಂದು ವಿಷಯ ತಿಳಿದಿರಲಿ. ವರ್ಷಕ್ಕೆ ಅದರ ಬೆಲೆ 20,000 ದಾಟಿದರೆ 10% ಟಿಡಿಎಸ್ ಇದೆ. ಮಾಮೂಲಿ ರಿಬೇಟಿಗೂ ಸಿಡಿಗೂ ಆ ಟಿಡಿಎಸ್ ಇಲ್ಲ. ಆಯ್ಕೆ ಕೊಟ್ಟರೆ ನಾನಾದರೆ ಕ್ರೆಡಿಟ್ ನೋಟನ್ನೇ ಕೇಳುತ್ತೇನೆ.

ಹಂತ 7: ಮಾರ್ಚ್ 10ರೊಳಗೆ ಈ ಸಂದೇಶ ಕಳಿಸಿ

ಲೆಕ್ಕ ಮುಗಿದ ಮೇಲೆ ಫೋನಿನಲ್ಲಿ ಮಾತಾಡಿ ಬಿಡಬೇಡಿ. ಬರೆದು ಕಳಿಸಿ, ವಾಟ್ಸ್‌ಆಪ್ ಆದರೂ ಸಾಕು. ನಮ್ಮ ಮುಧೋಳದ ಡೀಲರ್ ಬರೆಯಬೇಕಾದದ್ದು ಇಷ್ಟು:

"ನಮಸ್ಕಾರ ಸರ. ನಮ್ಮ ಲೆಕ್ಕದಲ್ಲಿ ಫೆಬ್ರವರಿ ಕೊನೆಗೆ ನಿವ್ವಳ ಖರೀದಿ 18,00,000 ಇದೆ. ವಾಪಸ್ ಮಾಲು 60,000, ನೆಟ್ ರೇಟ್ 40,000 ಕಳೆದಿದ್ದೇವೆ. ನಿಮ್ಮ ಪುಸ್ತಕದಲ್ಲಿ ಎಷ್ಟಿದೆ ತಿಳಿಸಿ. 20 ಲಕ್ಷ ಮುಟ್ಟಿದರೆ 1.5% ಪೂರ್ತಿ ಖರೀದಿಗೆ ಸಿಗುತ್ತದೆ ಎಂದು ಖಚಿತಪಡಿಸಿ. 60 ದಿನ ಮೀರಿದ ಬಾಕಿ ಯಾವುದಾದರೂ ಇದ್ದರೆ ಬಿಲ್ ನಂಬರ್ ಕಳಿಸಿ, ಮಾರ್ಚ್ 20ರೊಳಗೆ ತೀರಿಸುತ್ತೇವೆ. ರಿಬೇಟಿನ ಕ್ರೆಡಿಟ್ ನೋಟ್ ಜಿಎಸ್‌ಟಿ ಸೇರಿಯೋ ಇಲ್ಲದೆಯೋ, ಯಾವ ದಿನಾಂಕಕ್ಕೆ ಬರುತ್ತದೆ ತಿಳಿಸಿ."

ಇಂಥ ಸಂದೇಶ ಬಂದ ದಿನವೇ ನಾನು ಲೆಡ್ಜರ್ ತೆಗೆದು ಉತ್ತರ ಕೊಡುತ್ತೇನೆ. ಮಾರ್ಚ್ 30ರ ಸಂಜೆ ಬಂದರೆ, ಅಷ್ಟರಲ್ಲಿ ಬಾಕಿ ತೀರಿಸಲು ನಿಮಗೂ ಸಮಯವಿರುವುದಿಲ್ಲ, ತಪ್ಪು ತಿದ್ದಲು ನನಗೂ ಇರುವುದಿಲ್ಲ.